ಕಾಲಿನ ಆಳದ ಅಭಿಧಮನಿಯಲ್ಲಿ ರಕ್ತ ಏಕೆ ಹೆಪ್ಪುಗಟ್ಟುತ್ತದೆ?



ಪ್ರಥಮ ಪಿಯುಸಿ ಜೀವಶಾಸ್ತ್ರದಲ್ಲಿ ರಕ್ತ ಹೆಪ್ಪುಗಟ್ಟುವ ಸರಣಿಯನ್ನು ನೀವು ಓದಿದ್ದೀರಿ. ಗಾಯವಾದಾಗ ಪ್ರೋಥ್ರಾಂಬಿನ್ ಥ್ರಾಂಬಿನ್ ಆಗುತ್ತದೆ. ಥ್ರಾಂಬಿನ್ ಪ್ಲಾಸ್ಮಾದಲ್ಲಿ ಕರಗಿರುವ ಫೈಬ್ರಿನೋಜನ್ ಅನ್ನು ಫೈಬ್ರಿನ್ ಎಳೆಗಳಾಗಿ ಬದಲಿಸುತ್ತದೆ. ಆ ಎಳೆಗಳ ಬಲೆಯಲ್ಲಿ ರಕ್ತಕಣಗಳು ಸಿಕ್ಕಿಕೊಂಡು ಹೆಪ್ಪು ಆಗುತ್ತದೆ. ಚರ್ಮ ಕೊಯ್ದಾಗ ಇದು ನಮ್ಮನ್ನು ಉಳಿಸುತ್ತದೆ. ಆದರೆ ಹೊರಗೆ ಒಂದು ಹನಿಯೂ ರಕ್ತ ಸುರಿಯದಿದ್ದರೂ ಕಾಲಿನ ಆಳದ ಅಭಿಧಮನಿಯೊಳಗೆ ಇದೇ ಕ್ರಿಯೆ ನಡೆಯುವುದುಂಟು. ಇದಕ್ಕೆ ವೈದ್ಯರು ಡೀಪ್ ವೇನ್ ಥ್ರಾಂಬೋಸಿಸ್, ಚುಟುಕಾಗಿ ಡಿವಿಟಿ ಎನ್ನುತ್ತಾರೆ. ಅದು ಹೇಗೆ ಆರಂಭವಾಗುತ್ತದೆ ಎಂಬುದೇ ಈ ಪಾಠದ ವಿಷಯ.

ಲಂಡನ್ನಿನ ಕುರ್ಚಿಗಳು

1940ರ ಸೆಪ್ಟೆಂಬರ್‌ನಲ್ಲಿ ಲಂಡನ್ ಮೇಲೆ ಜರ್ಮನ್ ವಿಮಾನಗಳ ಬಾಂಬ್ ದಾಳಿ ಆರಂಭವಾಯಿತು. ಜನ ರಾತ್ರಿಯಿಡೀ ನೆಲಮಾಳಿಗೆಯ ಆಶ್ರಯತಾಣಗಳಲ್ಲಿ ಕಳೆಯತೊಡಗಿದರು. ಮಲಗಲು ಜಾಗವಿಲ್ಲದ್ದರಿಂದ ಅನೇಕರು ಮಡಚುವ ಕ್ಯಾನ್ವಾಸ್ ಕುರ್ಚಿಯಲ್ಲೇ ಕುಳಿತು ನಿದ್ದೆ ಮಾಡುತ್ತಿದ್ದರು. ಬೆಳಗ್ಗೆ ಎದ್ದು ಕೆಲವು ಹೆಜ್ಜೆ ಇಡುವಷ್ಟರಲ್ಲಿ, ಅಥವಾ ಮನೆ ತಲುಪುವಷ್ಟರಲ್ಲಿ, ಕೆಲವರು ಕುಸಿದು ಬಿದ್ದು ಸತ್ತರು. ಶವಪರೀಕ್ಷೆ ಮಾಡಿದ ವೈದ್ಯ ಕೀತ್ ಸಿಂಪ್ಸನ್ ಅವರಿಗೆ ಶ್ವಾಸಕೋಶದ ಅಪಧಮನಿಯಲ್ಲಿ ಸಿಕ್ಕಿಕೊಂಡ ಹೆಪ್ಪುಗಳು ಕಂಡವು. ಇಂಥ ಸಾವುಗಳು ಹಿಂದಿನ ವರ್ಷದ ಅದೇ ತಿಂಗಳುಗಳಿಗಿಂತ ಸುಮಾರು ಆರು ಪಟ್ಟು ಹೆಚ್ಚಾಗಿದ್ದವು. ಹೆಪ್ಪು ಹುಟ್ಟಿದ್ದು ಶ್ವಾಸಕೋಶದಲ್ಲಲ್ಲ, ಕಾಲಿನಲ್ಲಿ. ಕುರ್ಚಿಯ ಮುಂದಿನ ಮರದ ಪಟ್ಟಿ ತೊಡೆಯ ಹಿಂಭಾಗವನ್ನು ಗಂಟೆಗಟ್ಟಲೆ ಒತ್ತಿ ಹಿಡಿದಿತ್ತು. ಮಲಗಲು ಹಲಗೆ ಮಂಚಗಳನ್ನು ಕೊಡಬೇಕೆಂದು ಸಿಂಪ್ಸನ್ ಸಲಹೆ ಮಾಡಿದರು.

ಹಾಗಾದರೆ ರಕ್ತ ನಿಂತರೆ ಸಾಕೇ, ಹೆಪ್ಪುಗಟ್ಟುತ್ತದೆಯೇ? ಅದೇ ಕುರ್ಚಿಯಲ್ಲಿ ಕುಳಿತ ಬಹುತೇಕ ಜನರಿಗೆ ಏನೂ ಆಗಲಿಲ್ಲ ಎಂಬುದನ್ನು ಮರೆಯಬಾರದು.

ನಿಂತ ರಕ್ತ ಮಾತ್ರ ಸಾಲದು

1950ರ ದಶಕದಲ್ಲಿ ಅಮೆರಿಕದ ಸ್ಟಾನ್‌ಫರ್ಡ್ ವೆಸ್ಲರ್ ಈ ಪ್ರಶ್ನೆಯನ್ನು ಪ್ರಯೋಗದಿಂದ ಪರೀಕ್ಷಿಸಿದರು. ಪ್ರಾಣಿಯ ಕುತ್ತಿಗೆಯ ಅಭಿಧಮನಿಯ ಒಂದು ತುಂಡನ್ನು ಎರಡೂ ತುದಿಗಳಲ್ಲಿ ಕಟ್ಟಿದರೆ ಒಳಗಿನ ರಕ್ತ ಪೂರ್ತಿ ನಿಲ್ಲುತ್ತದೆ. ಆದರೂ ಗೋಡೆಗೆ ಗಾಯವಾಗದಂತೆ ಕಟ್ಟಿದ್ದರೆ ಆ ರಕ್ತ ಬಹಳ ಹೊತ್ತು ದ್ರವವಾಗಿಯೇ ಉಳಿಯುತ್ತದೆ. ಆದರೆ ಮೊದಲು ಪ್ರಾಣಿಯ ರಕ್ತಕ್ಕೆ ಸೀರಂ ಚುಚ್ಚಿ, ಆಮೇಲೆ ಕಟ್ಟಿದರೆ ಕೆಲವೇ ನಿಮಿಷಗಳಲ್ಲಿ ಹೆಪ್ಪು ಆಗುತ್ತದೆ. ಸೀರಂ ಎಂದರೆ ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಟ್ಟ ದ್ರವ. ಅದರಲ್ಲಿ ಆಗಲೇ ಚುರುಕಾದ ಹೆಪ್ಪುಗಟ್ಟಿಸುವ ಅಂಶಗಳಿರುತ್ತವೆ. ಅದೇ ಸೀರಂ ಚುಚ್ಚಿದ ಪ್ರಾಣಿಯಲ್ಲಿ, ರಕ್ತ ಹರಿಯುತ್ತಿರುವ ಬೇರೆ ನಾಳಗಳಲ್ಲಿ ಹೆಪ್ಪು ಕಾಣುವುದಿಲ್ಲ.

ಇದರ ಅರ್ಥ ಸ್ಪಷ್ಟ. ಹರಿವು ನಿಂತದ್ದೊಂದೇ ಸಾಲಲಿಲ್ಲ, ರಕ್ತದ ಗುಣ ಬದಲಾದದ್ದೊಂದೇ ಸಾಲಲಿಲ್ಲ. ಎರಡೂ ಒಂದೇ ಜಾಗದಲ್ಲಿ ಕೂಡಿದಾಗ ಹೆಪ್ಪು ಆಯಿತು. ಹರಿವು ನಿಧಾನವಾಗುವುದು, ನಾಳದ ಗೋಡೆ ಕೆಡುವುದು, ರಕ್ತದ ಹೆಪ್ಪುಗಟ್ಟುವ ಒಲವು ಹೆಚ್ಚುವುದು ಎಂಬ ಮೂರು ಕಾರಣಗಳನ್ನು ‘ವಿರ್ಕೋ ತ್ರಿಕೂಟ’ ಎನ್ನುತ್ತಾರೆ. ಜರ್ಮನಿಯ ರುಡಾಲ್ಫ್ ವಿರ್ಕೋ 1856ರಲ್ಲಿ ಶ್ವಾಸಕೋಶದ ಹೆಪ್ಪು ಬೇರೆಡೆಯ ಅಭಿಧಮನಿಯಿಂದ ತೇಲಿ ಬಂದದ್ದು ಎಂಬುದನ್ನು ವಿವರವಾಗಿ ಬರೆದರು. ಮೂರು ಕಾರಣಗಳ ಗುಂಪಿಗೆ ಅವರ ಹೆಸರು ಅಂಟಿಕೊಂಡದ್ದು ಬಹಳ ಕಾಲದ ನಂತರ.

ಕವಾಟದ ಜೇಬಿನೊಳಗೆ

ಈಗ ಮೂರೂ ಕಾರಣಗಳು ಭೇಟಿಯಾಗುವ ಸ್ಥಳಕ್ಕೆ ಹೋಗೋಣ. ಕಾಲಿನ ರಕ್ತ ಗುರುತ್ವಕ್ಕೆ ಎದುರಾಗಿ ಹೃದಯಕ್ಕೆ ಏರಬೇಕು. ಅದನ್ನು ಮೇಲಕ್ಕೆ ತಳ್ಳುವ ಪಂಪ್ ಮೀನಖಂಡದ ಸ್ನಾಯು. ನಡೆಯುವಾಗ ಸ್ನಾಯು ಬಿಗಿದು ಆಳದ ಅಭಿಧಮನಿಯನ್ನು ಹಿಂಡುತ್ತದೆ; ರಕ್ತ ಮೇಲೇರುತ್ತದೆ. ಸ್ನಾಯು ಸಡಿಲವಾದಾಗ ರಕ್ತ ಕೆಳಗಿಳಿಯದಂತೆ ಕವಾಟಗಳು ಮುಚ್ಚಿಕೊಳ್ಳುತ್ತವೆ.

ಪ್ರತಿ ಕವಾಟಕ್ಕೆ ಸಾಮಾನ್ಯವಾಗಿ ಎರಡು ತೆಳು ಎಸಳುಗಳಿರುತ್ತವೆ. ಎಸಳಿಗೂ ನಾಳದ ಗೋಡೆಗೂ ನಡುವೆ ಅಂಗಿಯ ಜೇಬಿನಂಥ ಒಂದು ಸಣ್ಣ ಪೊಳ್ಳು ಇರುತ್ತದೆ. ನಡೆಯುವಾಗ ಈ ಜೇಬಿನ ರಕ್ತ ಸುಳಿ ತಿರುಗಿ ಹೊರಬಿದ್ದು ಹೊಸ ರಕ್ತ ಬರುತ್ತದೆ. ಕಾಲು ಅಲ್ಲಾಡದೆ ಇದ್ದರೆ ಜೇಬಿನ ತಳದ ರಕ್ತ ಅಲ್ಲೇ ನಿಲ್ಲುತ್ತದೆ. ಅಲ್ಲಿನ ಜೀವಕೋಶಗಳು ಆ ರಕ್ತದಲ್ಲಿರುವ ಆಮ್ಲಜನಕವನ್ನು ಬಳಸಿ ಮುಗಿಸುತ್ತವೆ. ಜೇಬಿನೊಳಗೆ ಆಮ್ಲಜನಕ ಹೀಗೆ ಇಳಿಯುವುದನ್ನು ಸಂಶೋಧಕರು ಅಳೆದು ತೋರಿಸಿದ್ದಾರೆ.

ಎರಡನೆಯ ಕಾರಣ ಇಲ್ಲಿಯೇ ಹುಟ್ಟುತ್ತದೆ. ನಾಳದ ಒಳಪದರ ಬರೀ ನುಣುಪಾದ ಬಟ್ಟೆಯಲ್ಲ. ರಕ್ತವನ್ನು ದ್ರವವಾಗಿ ಇಡುವ ಕೆಲಸಗಾರ. ಅದರ ಮೇಲ್ಮೈಯಲ್ಲಿ ಹೆಪಾರಿನ್‌ನಂಥ ಅಣುಗಳಿದ್ದು, ಥ್ರಾಂಬಿನ್ ಅನ್ನು ತಡೆಯುವ ಆಂಟಿಥ್ರಾಂಬಿನ್‌ಗೆ ನೆರವಾಗುತ್ತವೆ. ಥ್ರಾಂಬೋಮಾಡ್ಯುಲಿನ್ ಎಂಬ ಇನ್ನೊಂದು ಅಣು ಥ್ರಾಂಬಿನ್ ಅನ್ನೇ ಹಿಡಿದು, ಹೆಪ್ಪನ್ನು ತಡೆಯುವ ಪ್ರೋಟೀನ್ ಸಿ ಚುರುಕಾಗುವಂತೆ ಮಾಡುತ್ತದೆ. ಆಮ್ಲಜನಕ ಸಾಲದೆ ಹೋದಾಗ ಈ ಪದರ ಬಣ್ಣ ಬದಲಿಸುತ್ತದೆ. ರಕ್ಷಣೆ ಕುಗ್ಗುತ್ತದೆ, ಮೇಲ್ಮೈ ಅಂಟಂಟಾಗುತ್ತದೆ. ಬಿಳಿ ರಕ್ತಕಣಗಳಾದ ಮಾನೋಸೈಟ್‌ಗಳು ಬಂದು ಅಂಟಿಕೊಳ್ಳುತ್ತವೆ. ಅವು ಟಿಶ್ಯೂ ಫ್ಯಾಕ್ಟರ್ ಎಂಬ ಪ್ರೋಟೀನನ್ನು ತಮ್ಮ ಮೈಮೇಲೆ ಹೊರತರುತ್ತವೆ. ಸರಣಿಯನ್ನು ಆರಂಭಿಸುವ ಕಿಡಿ ಇದೇ. ಗಮನಿಸಿ: ನಾಳ ಎಲ್ಲಿಯೂ ಕೊಯ್ದಿಲ್ಲ, ಹರಿದಿಲ್ಲ. ಆದ್ದರಿಂದ ‘ಗೋಡೆಗೆ ಪೆಟ್ಟು’ ಎಂದರೆ ಯಾವಾಗಲೂ ಕಣ್ಣಿಗೆ ಕಾಣುವ ಗಾಯವಲ್ಲ.

ಕಿಡಿ ಹತ್ತಿದರೂ ಹರಿಯುವ ರಕ್ತ ಅದನ್ನು ಆರಿಸಬಲ್ಲದು. ಅದು ಹೊಸದಾಗಿ ಹುಟ್ಟಿದ ಥ್ರಾಂಬಿನ್ ಅನ್ನು ತೊಳೆದುಕೊಂಡು ಹೋಗುತ್ತದೆ, ಆಂಟಿಥ್ರಾಂಬಿನ್ ಅನ್ನು ತಂದು ಕೊಡುತ್ತದೆ. ನಿಂತ ಜೇಬಿನಲ್ಲಿ ಎರಡೂ ಇಲ್ಲ. ಇದಕ್ಕೆ ಮೂರನೆಯ ಕಾರಣ, ಅಂದರೆ ಸುಲಭವಾಗಿ ಹೆಪ್ಪುಗಟ್ಟುವ ರಕ್ತ ಸೇರಿದರೆ ಕೆಲಸ ಪೂರ್ತಿಯಾಗುತ್ತದೆ. ದೊಡ್ಡ ಗಾಯ ಅಥವಾ ಶಸ್ತ್ರಚಿಕಿತ್ಸೆಯ ನಂತರದ ದಿನಗಳಲ್ಲಿ, ಗರ್ಭಾವಸ್ಥೆಯಲ್ಲಿ, ಈಸ್ಟ್ರೋಜನ್ ಇರುವ ಮಾತ್ರೆಗಳಿಂದ, ಕೆಲವು ಕ್ಯಾನ್ಸರ್‌ಗಳಲ್ಲಿ ಈ ಒಲವು ಹೆಚ್ಚುತ್ತದೆ. ಕೆಲವರಿಗೆ ಅದು ಹುಟ್ಟಿನಿಂದಲೇ ಬರುತ್ತದೆ; ಆಂಟಿಥ್ರಾಂಬಿನ್ ಕೊರತೆ ಅಂಥ ಒಂದು ವಂಶವಾಹಿ ದೋಷ.

ಒಂದು ಉದಾಹರಣೆ

ಪಾಠಕ್ಕಾಗಿ ಒಬ್ಬ ರೋಗಿಯನ್ನು ಕಲ್ಪಿಸಿಕೊಳ್ಳೋಣ. 45 ವರ್ಷದ ಒಬ್ಬರು ಮಳೆಯಲ್ಲಿ ಬೈಕ್ ಜಾರಿ ಬಿದ್ದು ಎಡಗಾಲಿನ ಮೊಳಕಾಲಿನ ಕೆಳಗಿನ ಮೂಳೆ ಮುರಿದುಕೊಂಡರು. ಆಪರೇಷನ್ ಮಾಡಿ ರಾಡ್ ಹಾಕಿದರು. ನೋವಿನ ಭಯದಿಂದ ಅವರು ಕಾಲನ್ನು ದಿಂಬಿನ ಮೇಲಿಟ್ಟು ಅಲ್ಲಾಡಿಸದೆ ಮಲಗಿದರು.

ಲೆಕ್ಕ ಹಾಕಿ ನೋಡಿ. ಮೀನಖಂಡದ ಪಂಪ್ ನಿಂತಿದೆ: ಇದು ಒಂದು. ಮೂಳೆ ಮುರಿದ ಜಾಗದಲ್ಲಿ ಅಭಿಧಮನಿಗಳೂ ಜಖಂ ಆಗಿವೆ, ಕವಾಟದ ಜೇಬುಗಳಲ್ಲಿ ಆಮ್ಲಜನಕ ಇಳಿದಿದೆ: ಎರಡು. ಗಾಯಕ್ಕೆ ಉತ್ತರವಾಗಿ ಯಕೃತ್ತು ಫೈಬ್ರಿನೋಜನ್ ಅನ್ನು ಹೆಚ್ಚಾಗಿ ತಯಾರಿಸುತ್ತಿದೆ, ಜಜ್ಜಿದ ಅಂಗಾಂಶದಿಂದ ಟಿಶ್ಯೂ ಫ್ಯಾಕ್ಟರ್ ರಕ್ತಕ್ಕೆ ಸೇರಿದೆ: ಮೂರು.

ಹನ್ನೆರಡನೆಯ ದಿನ ಮೀನಖಂಡ ಬಿಗಿದು ಊದಿಕೊಂಡಿತು. ಮುರಿದ ಕಾಲಲ್ಲವೇ, ಊದುವುದು ಸಹಜ ಎಂದು ಮನೆಯವರು ಸುಮ್ಮನಿದ್ದರು. ಮೋಸ ಹೋಗುವುದು ಇಲ್ಲಿಯೇ. ವೈದ್ಯರು ಟೇಪ್ ಹಿಡಿದು, ಮೊಳಕಾಲಿನ ಕೆಳಗೆ ಕೈಗೆ ಸಿಗುವ ಮೂಳೆಯ ಉಬ್ಬಿನಿಂದ 10 ಸೆಂ.ಮೀ. ಕೆಳಗೆ ಎರಡೂ ಕಾಲುಗಳ ಸುತ್ತಳತೆ ತೆಗೆದರು. ಎಡಗಾಲು 38 ಸೆಂ.ಮೀ., ಬಲಗಾಲು 34 ಸೆಂ.ಮೀ. ವ್ಯತ್ಯಾಸ 3 ಸೆಂ.ಮೀ.ಗಿಂತ ಹೆಚ್ಚಾದರೆ ಡಿವಿಟಿ ಎಂದು ಸಂಶಯಪಡಬೇಕು. ಆದರೆ ಅದು ಸಾಕ್ಷ್ಯವಲ್ಲ, ಮುರಿತದಿಂದಲೂ ಊತ ಬರುತ್ತದೆ. ಡಿ-ಡೈಮರ್ ಎಂಬ ರಕ್ತಪರೀಕ್ಷೆಯೂ ಇಲ್ಲಿ ಹೆಚ್ಚು ನೆರವಾಗದು. ಡಿ-ಡೈಮರ್ ಎಂದರೆ ಫೈಬ್ರಿನ್ ಕರಗುವಾಗ ಉಳಿಯುವ ಚೂರು. ಮೂಳೆ ಮುರಿದು ಆಪರೇಷನ್ ಆದವರಲ್ಲಿ ಅದು ಹೇಗೂ ಹೆಚ್ಚಿರುತ್ತದೆ.

ಉತ್ತರ ಕೊಟ್ಟದ್ದು ಅಲ್ಟ್ರಾಸೌಂಡ್. ಮೊಳಕಾಲಿನ ಹಿಂಭಾಗದಲ್ಲಿ ಉಪಕರಣವನ್ನು ಮೆಲ್ಲಗೆ ಒತ್ತಿದಾಗ ಆರೋಗ್ಯವಂತ ಅಭಿಧಮನಿ ಚಪ್ಪಟೆಯಾಗಿ ತೆರೆಯಿಂದ ಮಾಯವಾಗಬೇಕು, ಪಕ್ಕದ ಅಪಧಮನಿ ಮಾತ್ರ ಮಿಡಿಯುತ್ತ ಉಳಿಯಬೇಕು. ಇವರಲ್ಲಿ ಅಭಿಧಮನಿ ಚಪ್ಪಟೆಯಾಗಲಿಲ್ಲ. ಒಳಗೆ ಹೆಪ್ಪು ತುಂಬಿತ್ತು.

ಹೆಪ್ಪಿನ ಬಾಲ

ಜೇಬಿನಲ್ಲಿ ಹುಟ್ಟಿದ ಹೆಪ್ಪು ಅಲ್ಲೇ ಉಳಿಯದೆ ಮುಖ್ಯ ಹರಿವಿಗೆ ತಲೆ ಹಾಕುತ್ತದೆ. ಹರಿಯುವ ರಕ್ತ ಅದರ ಮೇಲೆ ಪದರ ಪದರವಾಗಿ ಕೂರುತ್ತದೆ. ಪ್ಲೇಟ್‌ಲೆಟ್ ಮತ್ತು ಫೈಬ್ರಿನ್ ಇರುವ ಮಸುಕು ಪಟ್ಟಿ, ಕೆಂಪು ರಕ್ತಕಣಗಳ ಕಡುಪಟ್ಟಿ, ಹೀಗೆ ಒಂದಾದ ಮೇಲೊಂದು. ಸತ್ತ ಮೇಲೆ ನಾಳದಲ್ಲಿ ಗಟ್ಟಿಯಾದ ರಕ್ತದಲ್ಲಿ ಈ ಪಟ್ಟಿಗಳಿರುವುದಿಲ್ಲ. ಸಾವಿಗೆ ಮೊದಲೇ ಹೆಪ್ಪು ಆಗಿತ್ತು ಎಂದು ಶವಪರೀಕ್ಷೆಯಲ್ಲಿ ಹೇಳಲು ಇದು ಒಂದು ಗುರುತು.

ಹೆಪ್ಪಿನ ಒಂದು ತುದಿ ಗೋಡೆಗೆ ಅಂಟಿರುತ್ತದೆ, ಇನ್ನೊಂದು ತುದಿ ಹೃದಯದ ಕಡೆಗೆ ಬಾಲದಂತೆ ತೇಲುತ್ತಿರುತ್ತದೆ. ಆ ಬಾಲ ತುಂಡಾದರೆ ಅದರ ದಾರಿಯನ್ನು ನೀವೇ ಹೇಳಬಲ್ಲಿರಿ: ತೊಡೆಯ ಅಭಿಧಮನಿ, ಕೆಳ ಮಹಾಭಿಧಮನಿ, ಬಲ ಹೃತ್ಕರ್ಣ, ಬಲ ಹೃತ್ಕುಕ್ಷಿ, ಕೊನೆಗೆ ಶ್ವಾಸಕೋಶದ ಅಪಧಮನಿ. ಇಲ್ಲಿಯವರೆಗೆ ನಾಳಗಳು ಅಗಲವಾಗುತ್ತಾ ಬಂದವು. ಇಲ್ಲಿಂದ ಕವಲೊಡೆದು ಕಿರಿದಾಗುತ್ತವೆ. ಹೆಪ್ಪು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಥಟ್ಟನೆ ಉಸಿರು ಕಟ್ಟುವುದು, ಉಸಿರೆಳೆದಾಗ ಎದೆ ಚುಚ್ಚುವುದು, ಕೆಮ್ಮಿದಾಗ ರಕ್ತ ಬರುವುದು ಇದರ ಲಕ್ಷಣಗಳು. ಆಗ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಸಂಶಯವಿರುವ ಕಾಲನ್ನು ಮನೆಯಲ್ಲಿ ಎಣ್ಣೆ ಹಚ್ಚಿ ತಿಕ್ಕಬಾರದು ಎನ್ನುವುದಕ್ಕೂ ಕಾರಣ ಆ ಬಾಲವೇ.

ನಮ್ಮ ರೋಗಿಗೆ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಔಷಧಿಯನ್ನು ಕನಿಷ್ಠ ಮೂರು ತಿಂಗಳು ಕೊಡುತ್ತಾರೆ. ಆ ಔಷಧಿ ಹೆಪ್ಪನ್ನು ಕರಗಿಸುವುದಿಲ್ಲ, ಅದು ಬೆಳೆಯದಂತೆ ತಡೆಯುತ್ತದೆ ಅಷ್ಟೇ. ಕರಗಿಸುವುದು ದೇಹದ್ದೇ ಆದ ಪ್ಲಾಸ್ಮಿನ್ ಎಂಬ ಕಿಣ್ವ, ನಿಧಾನವಾಗಿ. ಕೆಲವೊಮ್ಮೆ ಹೆಪ್ಪಿನ ಜೊತೆಗೆ ಕವಾಟವೂ ಹಾಳಾಗಿ, ಕಾಲಿನ ಊತ ವರ್ಷಗಟ್ಟಲೆ ಉಳಿಯುತ್ತದೆ. ಇಂಥ ದೊಡ್ಡ ಆಪರೇಷನ್ ಆದವರಿಗೆ ಡಾಕ್ಟರು ಪಾದವನ್ನು ಮೇಲೆ ಕೆಳಗೆ ಆಡಿಸಲು ಹೇಳುವುದು, ಬೇಗ ಎಬ್ಬಿಸಿ ನಡೆಸುವುದು, ಕೆಲವರಿಗೆ ಹೊಟ್ಟೆಯ ಚರ್ಮಕ್ಕೆ ಹೆಪಾರಿನ್ ಚುಚ್ಚುವುದು ಏಕೆಂದು ಈಗ ತಿಳಿಯಿತಲ್ಲವೇ? ಮೊದಲೆರಡು ಹರಿವನ್ನು ಸರಿಪಡಿಸುತ್ತವೆ, ಮೂರನೆಯದು ರಕ್ತದ ಒಲವನ್ನು ತಗ್ಗಿಸುತ್ತದೆ.

ಯೋಚಿಸಿ ಉತ್ತರಿಸಿ

1. ವೆಸ್ಲರ್ ಪ್ರಯೋಗದಲ್ಲಿ ಸೀರಂ ಬದಲು ಲವಣದ ದ್ರಾವಣ ಚುಚ್ಚಿದ್ದರೆ ಏನಾಗುತ್ತಿತ್ತು?
2. ಕಾಲಿನ ಹೆಪ್ಪು ಸಾಮಾನ್ಯವಾಗಿ ಮಿದುಳಿಗೆ ಹೋಗುವುದಿಲ್ಲ. ಏಕೆ? ಹೃದಯದ ಎರಡು ಹೃತ್ಕರ್ಣಗಳ ನಡುವೆ ರಂಧ್ರವಿದ್ದವರಲ್ಲಿ ಹೋಗಬಹುದೇ?
3. ಲಂಡನ್ನಿನ ಕುರ್ಚಿಯಲ್ಲಿ ಕುಳಿತವರಲ್ಲಿ ಕೆಲವರಿಗೆ ಮಾತ್ರ ಹೆಪ್ಪು ಏಕೆ ಆಯಿತು? ಮೂರು ಕಾರಣಗಳನ್ನು ಬಳಸಿ ಬರೆಯಿರಿ.