ಗಡಿಯೂರಿನಲ್ಲೊಂದು ಕಂಪನಿ: ಹೆಸರಿನಿಂದ ಪ್ರಮಾಣಪತ್ರದವರೆಗೆ

ಕೇತಕಿ ಸಂಗಮೇಶ್ವರನ ಸನ್ನಿಧಿಯಿಂದ ಪ್ರಸಿದ್ಧವಾದ ಝರಾಸಂಗಂನಲ್ಲಿ ಅಕ್ಕ, ತಮ್ಮ ಇಬ್ಬರು ಸೇರಿ ಸಿರಿಧಾನ್ಯದ ಹಿಟ್ಟಿನ ವ್ಯಾಪಾರಕ್ಕೆಂದು ಪ್ರೈವೇಟ್ ಲಿಮಿಟೆಡ್ ಕಂಪನಿಯೊಂದನ್ನು ಸ್ಥಾಪಿಸಲು ಸಂಕಲ್ಪಿಸಿದರೆಂದು ಭಾವಿಸೋಣ. ಕಾನೂನಿಗೆ ಇಬ್ಬರು ಸದಸ್ಯರೂ ಇಬ್ಬರು ನಿರ್ದೇಶಕರೂ ಸಾಕು, ಆ ಸದಸ್ಯರೇ ನಿರ್ದೇಶಕರೂ ಆಗಬಹುದು. ಕನಿಷ್ಠ ಬಂಡವಾಳದ ನಿರ್ಬಂಧವು 2015ರಲ್ಲಿಯೇ ತೊಲಗಿದೆ. ಗಡಿನಾಡಿನವರು ಎಲ್ಲಕ್ಕೂ ಮೊದಲು ನಿರ್ಣಯಿಸಬೇಕಾದುದು, ನೋಂದಾಯಿತ ಕಚೇರಿ ಯಾವ ರಾಜ್ಯದಲ್ಲಿರಬೇಕೆಂಬುದನ್ನು. ಗಿರಾಕಿಗಳೆಲ್ಲ ಬೀದರಿನವರೇ ಆದರೂ ಕಚೇರಿ ಝರಾಸಂಗಂನಲ್ಲಿದ್ದರೆ ಕಂಪನಿಯು ತೆಲಂಗಾಣದ್ದೆನಿಸುವುದು. ಮುಂದೆ ರಾಜ್ಯವನ್ನು ಬದಲಿಸಬೇಕಾದರೆ ಕೇಂದ್ರ ಸರ್ಕಾರದ ಅನುಮತಿಯನ್ನೇ ಪಡೆಯಬೇಕಾಗುವುದು.

ಅನಂತರ ಹೆಸರು. ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ SPICe+ ಅರ್ಜಿಯ ಮೊದಲ ಭಾಗದಲ್ಲಿ ಎರಡು ಹೆಸರುಗಳನ್ನು ಸೂಚಿಸಿ 1000 ರೂಪಾಯಿ ಶುಲ್ಕ ಕಟ್ಟಬೇಕು. 'ಕೇತಕಿ' ಎಂಬ ಹೆಸರಿನ ಕಂಪನಿ ಈಗಾಗಲೇ ಇದ್ದು, ನಾವು ಇಂಗ್ಲಿಷಿನಲ್ಲಿ ಒಂದಕ್ಷರ ಬದಲಿಸಿ ಬರೆದರೆ ಪ್ರಯೋಜನವಿಲ್ಲ, ಏಕೆಂದರೆ ಉಚ್ಚಾರಣೆಯಲ್ಲಿ ಸಾಮ್ಯವಿರುವಾಗ ಬರಿಯ ಕಾಗುಣಿತದ ಭೇದವನ್ನು ನಿಯಮವು ಹೊಸತನವೆಂದು ಗಣಿಸದು. ಮಂಜೂರಾದ ಹೆಸರು ಸಾಮಾನ್ಯವಾಗಿ 20 ದಿನ ಮಾತ್ರ ನಮ್ಮದಾಗಿರುತ್ತದಾದ್ದರಿಂದ ಉಳಿದ ಕಾಗದಗಳನ್ನು ಮೊದಲೇ ಸಿದ್ಧಪಡಿಸಿಕೊಳ್ಳುವುದು ವಿವೇಕ.

ಆ ಕಾಗದಗಳಲ್ಲಿಯೇ ನಮ್ಮ ಭಾಗದವರು ಎಡವುವುದು. ಇಬ್ಬರಿಗೂ ಡಿಜಿಟಲ್ ಸಹಿ ಬೇಕು. ನಿರ್ದೇಶಕರ ಗುರುತಿನ ಸಂಖ್ಯೆ, ಅಂದರೆ ಡಿನ್, ಇಲ್ಲದವರಿಗೆ ಅದೇ ಅರ್ಜಿಯ ಎರಡನೆಯ ಭಾಗದಲ್ಲಿ ದೊರೆಯುವುದು, ಆದರೆ ಒಂದು ಅರ್ಜಿಯಲ್ಲಿ ಮೂವರಿಗೆ ಮಾತ್ರ. ಆಧಾರಿನಲ್ಲಿ ಮನೆತನದ ಹೆಸರು ಮುಂದೆ ಪೂರ್ಣವಾಗಿದ್ದು, ಪ್ಯಾನ್ ಕಾರ್ಡಿನಲ್ಲಿ ಅದು ಬರಿಯ ಇನಿಷಿಯಲ್ ಆಗಿ ಉಳಿದಿದ್ದರೆ ಡಿಜಿಟಲ್ ಸಹಿಯ ಹಂತದಲ್ಲಿಯೇ ಕೆಲಸ ನಿಲ್ಲಬಹುದು. ಆದಕಾರಣ ಹೆಸರಿನ ಅರ್ಜಿಗೂ ಮುನ್ನ ಅದನ್ನು ತಿದ್ದಿಸಬೇಕು. ಕಚೇರಿಯ ವಿಳಾಸಕ್ಕೆ ಎರಡು ತಿಂಗಳಿಗಿಂತ ಹಳೆಯದಲ್ಲದ ಕರೆಂಟ್ ಬಿಲ್ಲೂ ಮನೆಯ ಮಾಲೀಕರ ಒಪ್ಪಿಗೆ ಪತ್ರವೂ ಬೇಕು. ಬಿಲ್ಲು ದಿವಂಗತ ಅಜ್ಜನ ಹೆಸರಿನಲ್ಲಿಯೇ ಬರುತ್ತಿದ್ದರೆ ಒಪ್ಪಿಗೆ ಕೊಡುವವರಾರೆಂಬ ಪ್ರಶ್ನೆ ಏಳುವುದು; ಇಂತಹ ಮನೆಗೆ ಮೊದಲು ವಾರಸುದಾರರ ಹೆಸರಿಗೆ ಖಾತೆ ಬದಲಾವಣೆಯಾಗಲಿ.

ಎರಡನೆಯ ಭಾಗದೊಡನೆ ಕಂಪನಿಯ ಉದ್ದೇಶಗಳನ್ನು ನಿರೂಪಿಸುವ ಮೆಮೊರಾಂಡಮ್, ಆಡಳಿತದ ನಿಯಮಗಳಾದ ಆರ್ಟಿಕಲ್ಸ್ ಸಲ್ಲುತ್ತವೆ. ಚಾರ್ಟರ್ಡ್ ಅಕೌಂಟೆಂಟ್, ಕಂಪನಿ ಸೆಕ್ರೆಟರಿ, ಕಾಸ್ಟ್ ಅಕೌಂಟೆಂಟ್ ಅಥವಾ ವಕೀಲರಲ್ಲೊಬ್ಬರು ದೃಢೀಕರಿಸಬೇಕು. ಅಧಿಕೃತ ಬಂಡವಾಳ 15 ಲಕ್ಷ ರೂಪಾಯಿಯವರೆಗಿದ್ದರೆ ನೋಂದಣಿ ಶುಲ್ಕವಿಲ್ಲ. ರಾಜ್ಯದ ಮುದ್ರಾಂಕ ಶುಲ್ಕ ಮಾತ್ರ ತಪ್ಪದು.

ಅರ್ಜಿ ಅಂಗೀಕೃತವಾದೊಡನೆ 21 ಅಕ್ಷರಾಂಕಗಳ ಗುರುತಿನ ಸಂಖ್ಯೆಯುಳ್ಳ ಸ್ಥಾಪನಾ ಪ್ರಮಾಣಪತ್ರವು, ಪ್ಯಾನ್ ಮತ್ತು ಟ್ಯಾನ್ ಸಹಿತ, ಕೈಸೇರುವುದು. ಆದರೂ ಹಿಟ್ಟಿನ ಮೊದಲ ಚೀಲವನ್ನು ಕಂಪನಿಯ ಹೆಸರಿನಲ್ಲಿ ಮಾರುವಂತಿಲ್ಲ: ಅಕ್ಕ ತಮ್ಮಂದಿರು ತಾವು ಬರೆಸಿದ ಷೇರುಗಳ ಹಣವನ್ನು ಕಂಪನಿಯ ಬ್ಯಾಂಕ್ ಖಾತೆಗೆ ತುಂಬಿ, 180 ದಿನಗಳೊಳಗೆ INC-20A ಘೋಷಣೆಯನ್ನು ಸಲ್ಲಿಸಿದ ಬಳಿಕವೇ ವ್ಯವಹಾರಾರಂಭ.