ಅತ್ತೆಯ ತಟ್ಟೆಗೆ ಬಂದದ್ದು 52 ಗ್ರಾಮೋ, 18 ಗ್ರಾಮೋ?

ಪ್ರಶ್ನೆ: ನಮ್ಮ ಅತ್ತೆಗೆ 68 ವರ್ಷ, ತೂಕ 54 ಕೆ.ಜಿ. ಶುದ್ಧ ಸಸ್ಯಾಹಾರಿ. ಮೈಯಲ್ಲಿ ಶಕ್ತಿಯಿಲ್ಲ ಎಂದು ತೋರಿಸಿದಾಗ, ದಿನಕ್ಕೆ 55 ಗ್ರಾಂ ಆದರೂ ಪ್ರೋಟೀನ್ ಕೊಡಿ ಎಂದರು ಡಾಕ್ಟರು. ಮೊದಲು ಪನೀರ್ ಕೊಡುತ್ತಿದ್ದೆ. ಕಾಲೇಜು ಓದುವ ಮಗ ಎರಡು ಪೊಟ್ಟಣ ಪಕ್ಕಪಕ್ಕ ಇಟ್ಟು, "ಅಮ್ಮಾ, 100 ಗ್ರಾಂ ಪನೀರಲ್ಲಿ 18, ಸೋಯಾ ಚಂಕ್ಸಲ್ಲಿ 52. ಪನೀರಿಗೆ ಯಾಕೆ ದುಡ್ಡು ಹಾಕ್ತೀಯಾ?" ಎಂದ. ಒಂದು ತಿಂಗಳಿಂದ ಚಂಕ್ಸ್ ನೆನೆಸಿ, ಹಿಂಡಿ, 100 ಗ್ರಾಂ ತೂಗಿ ಸಾಗುವಿಗೆ ಹಾಕುತ್ತಿದ್ದೇನೆ. 52 ಗ್ರಾಂ ಆಯಿತಲ್ಲ ಎಂದು ಸಂಜೆಯ ಹಾಲು ನಿಲ್ಲಿಸಿದೆ, ಬೇಳೆಯನ್ನೂ ಕಮ್ಮಿ ಮಾಡಿದೆ. ಅತ್ತೆ ಇನ್ನೂ ಸುಸ್ತು ಅನ್ನುತ್ತಾರೆ. ನಾನೇ ತಪ್ಪು ಮಾಡುತ್ತಿದ್ದೇನಾ?
— ಶಿವಮೊಗ್ಗದ ಓದುಗರು

ಉತ್ತರ: ಹೌದು, ಲೆಕ್ಕದಲ್ಲಿ ಒಂದು ಕಡೆ ಜಾರಿದೆ. ಆದರೆ ಇವತ್ತೇ ಸರಿಮಾಡಬಹುದಾದ ತಪ್ಪು ಅದು. ಪೊಟ್ಟಣದ ಮೇಲಿನ 52 ಗ್ರಾಂ ಒಣ ಚಂಕ್ಸಿನದು. ನೀವು ತೂಗಿದ್ದು ನೆನೆದ ಚಂಕ್ಸು. ಈ ಎರಡರ ನಡುವೆ ಇರುವುದು ಬರೀ ನೀರು.

ಒಂದು ಸಲ ಹೀಗೆ ಮಾಡಿ ನೋಡಿ. 50 ಗ್ರಾಂ ಒಣ ಚಂಕ್ಸ್ ತೂಗಿ, ಬಿಸಿನೀರಲ್ಲಿ ಕಾಲು ಗಂಟೆ ನೆನೆಸಿ, ಚೆನ್ನಾಗಿ ಹಿಂಡಿ ಮತ್ತೆ ತೂಗಿ. ಸುಮಾರು 140 ಗ್ರಾಂ ಬರುತ್ತದೆ. ನಿಮ್ಮ ಕೈ ಹಿಂಡುವ ಬಿಗಿಯ ಮೇಲೆ ಹತ್ತಿಪ್ಪತ್ತು ಗ್ರಾಂ ಹೆಚ್ಚುಕಮ್ಮಿ ಆದೀತು. 50 ಗ್ರಾಮಿನಲ್ಲಿದ್ದ ಪ್ರೋಟೀನ್ 26 ಗ್ರಾಂ, ನೆನೆದ ಮೇಲೂ ಸರಿಸುಮಾರು ಅಷ್ಟೇ. ಅದೀಗ 140 ಗ್ರಾಮಿನಲ್ಲಿ ಹರಡಿಕೊಂಡಿದೆ. ಅಂದರೆ ನೆನೆದ 100 ಗ್ರಾಮಿಗೆ 18 ಗ್ರಾಂ ಚಿಲ್ಲರೆ. ನಿಮ್ಮ ಅತ್ತೆಯವರ ತಟ್ಟೆಗೆ ದಿನವೂ ಬಂದದ್ದು ಅಷ್ಟು. ಪನೀರ್ 100 ಗ್ರಾಂ ಹಾಕಿದ್ದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತಿತ್ತು.

ಹಾಗಾದರೆ ಮಗ ಓದಿದ್ದು ಸುಳ್ಳೇ? ಅಲ್ಲ. ಅವನು ಒಣಗಿದ್ದನ್ನೂ ಹಸಿಯನ್ನೂ ಒಂದೇ ತಕ್ಕಡಿಯಲ್ಲಿಟ್ಟ, ಅಷ್ಟೆ. ಮನೆಯಲ್ಲಿ ಹಸು ಕಟ್ಟಿದವರು ಈ ತಪ್ಪು ಮಾಡುವುದಿಲ್ಲ. 10 ಕೆ.ಜಿ. ಹಸಿ ನೇಪಿಯರ್ ಹುಲ್ಲು ಹಾಕಿದರೆ ಅದರಲ್ಲಿ ಮೇವು ಎನ್ನುವಂಥದ್ದು ಸುಮಾರು 2 ಕೆ.ಜಿ., ಉಳಿದದ್ದು ನೀರು; ರಾಗಿ ಹುಲ್ಲಾದರೆ 10 ಕೆ.ಜಿ.ಯಲ್ಲಿ 9 ಕೆ.ಜಿ.ಯಷ್ಟು ಮೇವೇ ಎಂದು ಅವರಿಗೆ ಗೊತ್ತು. ಪಶು ವೈದ್ಯರು ಇದನ್ನು ಒಣ ಪದಾರ್ಥ ಎನ್ನುತ್ತಾರೆ. ನೀರನ್ನು ಪೂರ್ತಿ ತೆಗೆದ ಮೇಲೆ ಉಳಿಯುವ ತೂಕ ಅದು. ಎರಡು ಆಹಾರವನ್ನು ಹೋಲಿಸುವಾಗ ಮೊದಲು ಎರಡರ ನೀರನ್ನೂ ಕಳೆದುಬಿಡಬೇಕು.

ಪೊಟ್ಟಣದ ಮೇಲೆ ನೀರು ಎಷ್ಟು ಎಂದು ಸಾಮಾನ್ಯವಾಗಿ ಬರೆದಿರುವುದಿಲ್ಲ. ಅದನ್ನು ನಾವೇ ಲೆಕ್ಕಹಾಕಿ ತೆಗೆಯಬಹುದು. ಪ್ರೋಟೀನ್, ಕೊಬ್ಬು, ಕಾರ್ಬೋಹೈಡ್ರೇಟ್ ಮೂರನ್ನೂ ಕೂಡಿ. ಅದಕ್ಕೆ ಖನಿಜಾಂಶವೆಂದು ಪನೀರಿಗಾದರೆ 2, ಸೋಯಾಕ್ಕಾದರೆ 6 ಸೇರಿಸಿ. 100ಕ್ಕೆ ಎಷ್ಟು ಕಮ್ಮಿ ಬೀಳುತ್ತದೋ ಅದೇ ನೀರು. ಇಲ್ಲಿ ಎಡವುವ ಜಾಗ ಒಂದಿದೆ: ನಾರು, ಸಕ್ಕರೆ ಎಂದು ಕೆಳಗೆ ಬೇರೆ ಸಾಲಿನಲ್ಲಿ ಕಂಡರೂ ಅವು ಸಾಮಾನ್ಯವಾಗಿ ಕಾರ್ಬೋಹೈಡ್ರೇಟಿನ ಒಳಗೇ ಸೇರಿರುತ್ತವೆ. ಮತ್ತೆ ಕೂಡಬೇಡಿ.

ಚಂಕ್ಸ್ ಪೊಟ್ಟಣದಲ್ಲಿ ಪ್ರೋಟೀನ್ 52, ಕೊಬ್ಬು ಅರ್ಧ, ಕಾರ್ಬೋಹೈಡ್ರೇಟ್ 33 ಇದೆ ಎನ್ನಿ. ಖನಿಜ 6 ಸೇರಿಸಿದರೆ 91.5. ನೀರು 8.5. ಪನೀರಿನಲ್ಲಿ ಪ್ರೋಟೀನ್ 18, ಕೊಬ್ಬು 23, ಕಾರ್ಬೋಹೈಡ್ರೇಟ್ 3, ಖನಿಜ 2, ಒಟ್ಟು 46. ನೀರು 54. ಅಂದರೆ ನೀವು ಕೊಂಡ ಪನೀರಿನಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ. ಇದು ಮೋಸವಲ್ಲ. ಪನೀರಿನಲ್ಲಿ ತೇವಾಂಶ ಶೇ. 60ರವರೆಗೆ ಇರಬಹುದು ಎಂದು ನಮ್ಮ ಆಹಾರ ಸುರಕ್ಷತಾ ನಿಯಮವೇ ಹೇಳುತ್ತದೆ. ಅದೇ ನಿಯಮ ಕೊಬ್ಬನ್ನು ಮಾತ್ರ ಒಣ ಪದಾರ್ಥದ ಮೇಲೆ ಅಳೆಯುತ್ತದೆ: ನೀರು ಕಳೆದು ಉಳಿದದ್ದರಲ್ಲಿ ಅರ್ಧದಷ್ಟಾದರೂ ಹಾಲಿನ ಕೊಬ್ಬಿರಬೇಕು. ನೀರು ಹೆಚ್ಚಿಸಿ ಕೊಬ್ಬಿನ ಲೆಕ್ಕ ತಪ್ಪಿಸಲು ಯಾರಿಗೂ ಆಗದಿರಲಿ ಎಂಬುದೇ ಇದರ ಪ್ರಯೋಜನ.

ಈಗ ಪ್ರೋಟೀನನ್ನು ಒಣ ಪದಾರ್ಥದಿಂದ ಭಾಗಿಸಿ 100ರಿಂದ ಗುಣಿಸಿ. ಸೋಯಾ: 52 ಭಾಗಿಸು 91.5, ಶೇ. 57ರ ಹತ್ತಿರ. ಪನೀರ್: 18 ಭಾಗಿಸು 46, ಶೇ. 39. ಮೂರು ಪಟ್ಟು ಎಂದು ಕಂಡದ್ದು ಒಂದೂವರೆ ಪಟ್ಟಿಗೆ ಇಳಿಯಿತು. ಲೆಕ್ಕ ಸರಿಯಿದೆಯೇ ಎಂದು ನೋಡಲು ನೆನೆದ ಚಂಕ್ಸನ್ನೇ ಮತ್ತೆ ಹಿಡಿಯಿರಿ: 140 ಗ್ರಾಮಿನಲ್ಲಿ ಒಣ ಪದಾರ್ಥ ಸುಮಾರು 46 ಗ್ರಾಂ, ಪ್ರೋಟೀನ್ 26. ಭಾಗಿಸಿದರೆ ಮತ್ತೆ ಅದೇ ಶೇ. 57. ನೆನೆದರೂ ಒಣಗಿದರೂ ಬದಲಾಗದ ಅಂಕಿ ಇದೊಂದೇ. ಮೊಳಕೆ ಕಟ್ಟಿದ ಹೆಸರುಕಾಳಿನಲ್ಲಿ ಪ್ರೋಟೀನ್ ಕಮ್ಮಿಯಾಯಿತು ಎಂದು ಕೆಲವರು ಹೆದರುವುದೂ ಇದೇ ಗೊಂದಲದಿಂದ. ಕಾಳು ನೀರು ಕುಡಿದು ಭಾರವಾಗಿರುತ್ತದೆ, ಪ್ರೋಟೀನ್ ಎಲ್ಲೂ ಹೋಗಿರುವುದಿಲ್ಲ.

ಉಳಿದ ಆ ಒಂದೂವರೆ ಪಟ್ಟು ವ್ಯತ್ಯಾಸ ನಿಜವಾದದ್ದು. ಅದಕ್ಕೆ ಕಾರಣ ಕೊಬ್ಬು. ಚಂಕ್ಸ್ ಮಾಡುವುದು ಎಣ್ಣೆ ತೆಗೆದ ಸೋಯಾ ಹಿಟ್ಟಿನಿಂದ. ಪನೀರಿನಲ್ಲಿ ಒಣ ಪದಾರ್ಥದ ಅರ್ಧ ಭಾಗವನ್ನು ಕೊಬ್ಬೇ ಹಿಡಿದಿರುತ್ತದೆ. ಬೊಜ್ಜು ಇಳಿಸಬೇಕಾದವರಿಗೆ ನಾನು ಸೋಯಾ ಕಡೆ ಕೈ ತೋರಿಸುತ್ತೇನೆ. ಸುಸ್ತಾಗಿರುವ ನಿಮ್ಮ ಅತ್ತೆಯವರಿಗೆ ಆ ಕೊಬ್ಬಿನ ಶಕ್ತಿಯೂ ಬೇಕು. ಆದ್ದರಿಂದ ಒಣ ಪದಾರ್ಥದ ಲೆಕ್ಕದಲ್ಲಿ ಸೋಯಾ ಗೆದ್ದಿತೆಂದು ಪನೀರನ್ನು ಬಿಡಬೇಡಿ. ಆ ಲೆಕ್ಕ ನೀರಿನ ಗೊಂದಲ ಕಳೆಯುತ್ತದೆ. ಯಾರಿಗೆ ಯಾವುದು ಹಿಡಿಸುತ್ತದೆ, ಯಾರ ಹೊಟ್ಟೆಗೆ ಯಾವುದು ಅರಗುತ್ತದೆ ಎಂಬುದನ್ನು ಅದು ಹೇಳಲಾರದು.

55 ಗ್ರಾಂ ತುಂಬಿಸಲು ಬರೀ ಚಂಕ್ಸಿನ ಹಿಂದೆ ಬೀಳುವುದೂ ಬೇಡ. ನೆನೆದದ್ದು ಸುಮಾರು 300 ಗ್ರಾಂ ತಿನ್ನಬೇಕಾದೀತು, ಈ ವಯಸ್ಸಿಗೆ ಹೊಟ್ಟೆ ಉಬ್ಬರ ಖಂಡಿತ. ಒಣ ಚಂಕ್ಸ್ 25 ಗ್ರಾಂ ಸಾಕು, ಅದರಿಂದ 13. ಪನೀರ್ 50 ಗ್ರಾಂ ಹಾಕಿದರೆ 9. ನಿಲ್ಲಿಸಿದ ಸಂಜೆಯ ಹಾಲನ್ನು ಮತ್ತೆ ಶುರುಮಾಡಿ. ಬೆಳಿಗ್ಗೆಯದೂ ಸೇರಿ 200 ಮಿ.ಲೀ.ನ ಎರಡು ಲೋಟಕ್ಕೆ 13 ಬಂತು. ಸಾರಿಗೆ ತೊಗರಿಬೇಳೆ ಅವರ ಪಾಲಿಗೆ 30 ಗ್ರಾಂ ಬೀಳಲಿ, ಅದು 6. ಅಕ್ಕಿ, ರಾಗಿ, ಗೋಧಿ ಎಲ್ಲ ಸೇರಿ ದಿನಕ್ಕೆ 200 ಗ್ರಾಂ ಉಂಡರೆ 16ರಷ್ಟು. ಒಟ್ಟು 57.

ಚಂಕ್ಸ್, ಬೇಳೆ, ಅಕ್ಕಿ ಎಲ್ಲವನ್ನೂ ನೆನೆಸುವ, ಬೇಯಿಸುವ ಮೊದಲೇ ತೂಗಿ. ಮೇಲಿನ ಅಂಕಿಗಳೆಲ್ಲ ಒಣ ತೂಕದ್ದು. ಪನೀರ್ ಮತ್ತು ಹಾಲನ್ನು ಮಾತ್ರ ಇದ್ದ ಹಾಗೇ ಅಳೆಯಬೇಕು. ಬಿಡಿಯಾಗಿ ಕೊಂಡ ಪನೀರ್ ಒತ್ತಿದರೆ ನೀರು ಸೋರುವಷ್ಟು ಮೆತ್ತಗಿದ್ದರೆ, ಬಟ್ಟೆಯಲ್ಲಿ ಸುತ್ತಿ ಹದಿನೈದು ನಿಮಿಷ ಭಾರ ಹೇರಿ, ಆಮೇಲೆ ತಕ್ಕಡಿಗೆ ಹಾಕಿ. ಮೂರು ವಾರ ಹೀಗೆ ಕೊಟ್ಟ ಮೇಲೂ ಸುಸ್ತು ಹಾಗೇ ಇದ್ದರೆ ಡಾಕ್ಟರ ಹತ್ತಿರ ಮತ್ತೆ ಕರೆದುಕೊಂಡು ಹೋಗಿ. ಕಳೆದ ತಿಂಗಳು ನಿಜಕ್ಕೂ ಎಷ್ಟು ಪ್ರೋಟೀನ್ ಹೋಗಿತ್ತು ಎಂಬುದನ್ನೂ ಅವರಿಗೆ ತಿಳಿಸಿ.