ಇಬ್ಬರು ಮೇಸ್ತ್ರಿಗಳ ಮಾತು, ಒಂದೇ ಹಾಳೆಯ ಲೆಕ್ಕ

(ಸ್ವಸಹಾಯ ಸಂಘಗಳ ಮಾಸಿಕ ಸಭೆಗೆ ಒಂದು ಪಾಠ)

ಪಾಠದ ಉದ್ದೇಶ: ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡ ಇಬ್ಬರು ಗುತ್ತಿಗೆದಾರರ ಮಾತನ್ನು ಕೇಳಿ, ಅವರು ಹೇಳಿದ ದರವನ್ನೂ ಕೆಲಸವನ್ನೂ ಅಕ್ಕಪಕ್ಕದಲ್ಲಿ ಬರೆದು ಹೋಲಿಸುವುದು.

ಬೇಕಾಗುವ ಸಾಮಗ್ರಿ: ರೆಕಾರ್ಡಿಂಗ್ ಇರುವ ಮೊಬೈಲ್, ಒಂದು ಡ್ರಾಯಿಂಗ್ ಹಾಳೆ, ಎರಡು ಬಣ್ಣದ ಪೆನ್ನು, ಕ್ಯಾಲ್ಕುಲೇಟರ್.



ನಮ್ಮ ಮೇಸ್ತ್ರಿಗಳು ಕಾಗದದಲ್ಲಿ ಕೊಟೇಶನ್ ಕೊಡುವುದು ಕಡಿಮೆ. "ಬರ್ಕೊಳ್ಳಿ ಅಕ್ಕಾ, ಹೇಳ್ತೀನಿ" ಅಂತ ಫೋನಿನಲ್ಲೇ ಹೇಳಿ ಮುಗಿಸುತ್ತಾರೆ. ನಾವೂ ಕೊನೆಯಲ್ಲಿ ಹೇಳಿದ ಮೊತ್ತವನ್ನು ಮಾತ್ರ ನೆನಪಿಟ್ಟುಕೊಂಡು ಸಭೆಗೆ ಬರುತ್ತೇವೆ. ನಮ್ಮ ವಲಯದ ಒಂದು ಸಂಘದಲ್ಲಿ ಹೀಗೇ ಆಗುವುದರಲ್ಲಿತ್ತು. ಅವರ ಒಪ್ಪಿಗೆಯಿಂದ ಆ ಲೆಕ್ಕವನ್ನೇ ಇಲ್ಲಿ ಪಾಠವಾಗಿ ಕೊಡುತ್ತಿದ್ದೇನೆ.

ನಡೆದ ಸಂಗತಿ

ಆ ಸಂಘದವರು ಹೊಲಿಗೆ ತರಬೇತಿಗೆ ಒಂದು ಕೊಠಡಿ ಕಟ್ಟುತ್ತಿದ್ದರು. ಗೋಡೆ ಎದ್ದು ನಿಂತಿತ್ತು, ಆರ್.ಸಿ.ಸಿ. ಮೋಲ್ಡ್ ಹಾಕುವುದು ಬಾಕಿ. ಗೋಡೆಯ ಹೊರ ಅಳತೆ 25 ಅಡಿ ಉದ್ದ, 12 ಅಡಿ ಅಗಲ. ಮಳೆ ನೀರು ಗೋಡೆಗೆ ಬೀಳದಂತೆ ಮೋಲ್ಡ್ ನಾಲ್ಕೂ ಕಡೆ 1 ಅಡಿ ಹೊರಗೆ ಚಾಚಬೇಕು. ಅದರ ದಪ್ಪ 5 ಇಂಚು ಇರಬೇಕೆಂದು ಇಂಜಿನಿಯರರು ನಕ್ಷೆಯಲ್ಲಿ ಬರೆದುಕೊಟ್ಟಿದ್ದರು. ಸಂಘದ ಕೈಯಲ್ಲಿ ಇದ್ದದ್ದು 95,000 ರೂಪಾಯಿ.

ಕಾರ್ಯದರ್ಶಿ ಇಬ್ಬರು ಮೇಸ್ತ್ರಿಗಳಿಗೆ ಫೋನ್ ಮಾಡಿದರು. "ಸಭೆಯಲ್ಲಿ ಎಲ್ಲರಿಗೂ ಕೇಳಿಸಬೇಕು ಅಣ್ಣಾ, ರೆಕಾರ್ಡ್ ಮಾಡ್ಕೊಳ್ಲಾ?" ಅಂತ ಮೊದಲೇ ಕೇಳಿದ್ದರು, ಇಬ್ಬರೂ ಒಪ್ಪಿದ್ದರು. ಇದನ್ನು ಯಾರೂ ಮರೆಯಬಾರದು. ಹೇಳದೆ ರೆಕಾರ್ಡ್ ಮಾಡಿದರೆ ಆ ಮನುಷ್ಯನಿಗೆ ನಮ್ಮ ಮೇಲಿನ ನಂಬಿಕೆ ಹೋಗುತ್ತದೆ.

ಸಭೆಯಲ್ಲಿ ಕಾರ್ಯದರ್ಶಿ ಹೇಳಿದ್ದು ಎರಡೇ ಮಾತು: "ಮೊದಲನೆಯವರು 81,000, ಎರಡನೆಯವರು 1,05,000." ಎಲ್ಲರೂ ಮೊದಲನೆಯವರಿಗೆ ಕೈ ಎತ್ತಿದರು. ಅವರು ಅಧ್ಯಕ್ಷೆಯ ಸಂಬಂಧಿಕರೂ ಹೌದು. ಮುಂಗಡ ಕೊಡುವ ಮೊದಲು ರೆಕಾರ್ಡಿಂಗನ್ನು ಒಂದು ಸಲ ಕೂತು ಕೇಳೋಣ ಅಂದೆ.

ಹಂತ 1: ಮೂರು ಸಲ ಕೇಳಿ

ಮೊದಲ ಸಲ ಪೆನ್ನು ಹಿಡಿಯದೆ ಕೇಳಿ. ಎರಡನೆಯ ಸಲ ಅಂಕಿಗಳನ್ನು ಮಾತ್ರ ಬರೆಯಿರಿ, ಪ್ರತಿ ಅಂಕಿಯ ಪಕ್ಕದಲ್ಲಿ ಅದು ರೆಕಾರ್ಡಿಂಗಿನ ಎಷ್ಟನೇ ನಿಮಿಷದಲ್ಲಿ ಬಂತು ಎಂದೂ ಬರೆಯಿರಿ. ನಾಳೆ ಯಾರಾದರೂ "ಹಾಗೆ ಹೇಳಿಲ್ಲ" ಅಂದರೆ ಪೂರ್ತಿ ಕೇಳಬೇಕಾಗಿಲ್ಲ, ಆ ಜಾಗಕ್ಕೇ ಹೋಗಬಹುದು.

ಫೋನಿನಲ್ಲಿ "ಎಪ್ಪತ್ತು", "ಎಂಬತ್ತು" ಒಂದೇ ತರಹ ಕೇಳಿಸುತ್ತದೆ. ಅನುಮಾನ ಬಂದರೆ ಅವರದೇ ಲೆಕ್ಕದಿಂದ ಪರೀಕ್ಷೆ ಮಾಡಿ. ಮೊದಲ ಮೇಸ್ತ್ರಿ ಹೇಳಿದ್ದು "ಅಡಿಗೆ ಇನ್ನೂರ ಎಪ್ಪತ್ತೋ, ಎಂಬತ್ತೋ" ಎಂದು ನಮ್ಮಲ್ಲಿ ಚರ್ಚೆ ಆಯಿತು. ಅವರು 300 ಅಡಿಗೆ 81,000 ಅಂದಿದ್ದರು. 81,000ವನ್ನು 300ರಿಂದ ಭಾಗಿಸಿದರೆ 270. ಚರ್ಚೆ ಮುಗಿಯಿತು.

ಮೂರನೆಯ ಸಲ ಅಂಕಿ ಬೇಡ, ಸಣ್ಣ ಮಾತುಗಳನ್ನು ಹಿಡಿಯಿರಿ. "ಅದು ಬೇರೆ", "ಆಮೇಲೆ ನೋಡೋಣ", "ಅದು ನಿಮ್ದು" ಎಂಬ ಮಾತುಗಳು ಎಲ್ಲಿ ಬಂದರೂ ಅಲ್ಲಿ ಒಂದು ಖರ್ಚು ನಮ್ಮ ತಲೆಯ ಮೇಲೆ ಬರುತ್ತಿದೆ ಎಂದು ತಿಳಿಯಿರಿ. ಮೊದಲ ಮೇಸ್ತ್ರಿಯ ಮಾತಿನಲ್ಲಿ ಇಂಥದ್ದು ಮೂರು ಸಿಕ್ಕವು: "ಹೊರಗೆ ಬರೋದನ್ನ ಆಮೇಲೆ ಅಳೆದು ಹಾಕೋಣ", "ಮಿಕ್ಸರ್ ಬಾಡಿಗೆ ನಿಮ್ದು", "ನಾಲ್ಕು ಇಂಚು ಸಾಕು ಬಿಡಿ, ಅದಕ್ಕೆ ಈ ರೇಟು". ಎರಡನೆಯವರ ಮಾತಿನಲ್ಲಿ ಒಂದು ಸಿಕ್ಕಿತು: "ಕರೆಂಟ್ ಪೈಪು ಬೇರೆ".

ಹಂತ 2: ಹೇಳಿದ್ದು, ಇಲ್ಲ ಅಂದದ್ದು, ಹೇಳದೇ ಬಿಟ್ಟದ್ದು

ಹಾಳೆಯ ಎಡಗಡೆ ಕೆಲಸಗಳ ಹೆಸರು, ಮುಂದೆ ಇಬ್ಬರಿಗೂ ಒಂದೊಂದು ಕಾಲಮ್. ಪ್ರತಿ ಮನೆಯಲ್ಲೂ ಮೂರರಲ್ಲಿ ಒಂದು ಮಾತು ಬರಬೇಕು: "ಸೇರಿದೆ", "ಸೇರಿಲ್ಲ", "ಹೇಳಿಲ್ಲ". ಇದರಲ್ಲಿ ನಾವು ತಪ್ಪು ಮಾಡುವುದು "ಹೇಳಿಲ್ಲ" ಎಂಬ ಕಡೆ. ಒಳಗಿನ ಮೇಲ್ಛಾವಣಿಗೆ ಪ್ಲಾಸ್ಟರಿಂಗ್ ಬಗ್ಗೆ ಮೊದಲ ಮೇಸ್ತ್ರಿ ಏನೂ ಹೇಳಿರಲಿಲ್ಲ. "ಮಾಡೇ ಮಾಡ್ತಾರೆ ಬಿಡಿ ಸಿಸ್ಟರ್, ಎಲ್ಲಾರೂ ಮಾಡ್ತಾರೆ" ಅಂತ ಒಬ್ಬರು ಅಂದರು. ಹಾಗೆ ಊಹೆ ಮಾಡಿ ತುಂಬಬಾರದು. ಕೆಂಪು ಪೆನ್ನಿನಲ್ಲಿ "ಹೇಳಿಲ್ಲ, ಕೇಳಬೇಕು" ಎಂದು ಬರೆಯಬೇಕು.

ಇಲ್ಲಿ ನಮ್ಮ ತಪ್ಪೂ ಗೊತ್ತಾಯಿತು. ಎರಡನೆಯವರ ಹತ್ತಿರ ಒಂಬತ್ತು ನಿಮಿಷ ಮಾತಾಡಿ ಎಲ್ಲಾ ಕೇಳಿದ್ದೆವು. ಮೊದಲನೆಯವರು ಪರಿಚಯದವರೆಂದು ಮೂರೇ ನಿಮಿಷಕ್ಕೆ ಮುಗಿಸಿದ್ದೆವು. ಕೇಳದ ಪ್ರಶ್ನೆಗೆ ಅವರು ಉತ್ತರ ಕೊಡಲಿಲ್ಲ ಅಷ್ಟೇ. ಆದ್ದರಿಂದ ಮುಂದೆ ಫೋನ್ ಮಾಡುವ ಮೊದಲೇ ಪ್ರಶ್ನೆಗಳನ್ನು ಬರೆದುಕೊಳ್ಳಿ, ಇಬ್ಬರಿಗೂ ಅದೇ ಪ್ರಶ್ನೆ ಕೇಳಿ.

ಹಂತ 3: ಅಳತೆ ಒಂದೇ ಮಾಡಿ

ಒಬ್ಬರು "ಅಡಿಗೆ 270" ಅಂದರು, ಇನ್ನೊಬ್ಬರು "ಚದರಕ್ಕೆ 28,000" ಅಂದರು. ಕೇಳಿದ ತಕ್ಷಣ ಹೋಲಿಸಲು ಆಗುವುದಿಲ್ಲ. ಮೇಸ್ತ್ರಿಗಳು "ಅಡಿ" ಅನ್ನುವುದು ಚದರ ಅಡಿಗೆ. ಅವರ ಮಾತಿನಲ್ಲಿ ಒಂದು "ಚದರ" ಅಂದರೆ 100 ಚದರ ಅಡಿ. ಹಾಗಾಗಿ ಚದರಕ್ಕೆ 28,000 ಅಂದರೆ ಅಡಿಗೆ 280. ಅಂದರೆ ಇಬ್ಬರ ದರದಲ್ಲಿ ಇರುವ ವ್ಯತ್ಯಾಸ ಅಡಿಗೆ 10 ರೂಪಾಯಿ ಮಾತ್ರ!

ಹಾಗಿದ್ದರೆ ಮೊತ್ತದಲ್ಲಿ 24,000 ವ್ಯತ್ಯಾಸ ಎಲ್ಲಿಂದ ಬಂತು? ಅಳತೆಯಿಂದ. ಮೊದಲನೆಯವರು ಗೋಡೆಯಿಂದ ಗೋಡೆಗೆ ಅಳೆದರು: 25 × 12 = 300 ಅಡಿ. ಎರಡನೆಯವರು ಹೊರಚಾಚನ್ನೂ ಸೇರಿಸಿ "ಮೂರು ಮುಕ್ಕಾಲು ಚದರ" ಅಂದರು. ನಾವು ಟೇಪು ಹಿಡಿದು ಲೆಕ್ಕ ಮಾಡಿದೆವು. ಎರಡೂ ಬದಿಗೆ ಒಂದೊಂದು ಅಡಿ ಸೇರಿದರೆ 27 × 14 = 378 ಅಡಿ. ಮೊದಲನೆಯವರು ಈ 78 ಅಡಿಯನ್ನು ಬಿಟ್ಟುಕೊಟ್ಟಿರಲಿಲ್ಲ, ಕೊನೆಗೆ ಅಳೆದು ಹಾಕುವುದಕ್ಕೆ ಇಟ್ಟುಕೊಂಡಿದ್ದರು. ಎರಡನೆಯವರದೂ ಅಂದಾಜೇ, 375ಕ್ಕೆ ಹೇಳಿದ್ದರು. ಇಬ್ಬರಿಗೂ 378 ಎಂದೇ ಹಾಕಿದೆವು.

ಹಂತ 4: ಎರಡನೆಯ ಫೋನ್

ಕೆಂಪು ಪೆನ್ನಿನ ಪ್ರಶ್ನೆಗಳನ್ನು ಹಿಡಿದುಕೊಂಡು ಇಬ್ಬರಿಗೂ ಮತ್ತೆ ಫೋನ್ ಮಾಡಬೇಕು. ಅವರವರ ಕಾಲಮನ್ನು ಅವರಿಗೆ ಓದಿ ಹೇಳಿ "ಸರಿನಾ ಅಣ್ಣಾ?" ಅಂತ ಕೇಳಬೇಕು. ಒಬ್ಬರ ದರವನ್ನು ಇನ್ನೊಬ್ಬರಿಗೆ ಹೇಳಿ ಇಳಿಸುವುದು ಬೇಡ. ಹಾಗೆ ಒತ್ತಾಯಕ್ಕೆ ಇಳಿಸಿದ ದರ ಕೊನೆಗೆ ಸಿಮೆಂಟಿನಲ್ಲೋ ಕಂಬಿಯಲ್ಲೋ ಕಡಿಮೆಯಾಗುತ್ತದೆ.

ಇಬ್ಬರೂ ಕೇಳಿದ ಕೆಲಸಕ್ಕೆಲ್ಲಾ ದರ ಹೇಳಿದರು. ಮೊದಲನೆಯವರು 5 ಇಂಚು ದಪ್ಪ ಆದರೆ ಅಡಿಗೆ 20 ರೂಪಾಯಿ ಹೆಚ್ಚು ಅಂದರು. ಕೊನೆಗೆ ಹಾಳೆ ಹೀಗಾಯಿತು:

| ವಿವರ | ಮೊದಲ ಮೇಸ್ತ್ರಿ (ರೂ.) | ಎರಡನೇ ಮೇಸ್ತ್ರಿ (ರೂ.) |
|---|---|---|
| ಮೊದಲು ಕೇಳಿಸಿದ ಮೊತ್ತ | 81,000 | 1,05,000 |
| 378 ಅಡಿಗೆ ಅವರ ದರ (ಸಾಮಾನು, ಸೆಂಟ್ರಿಂಗ್, ಕೂಲಿ ಸೇರಿ) | 1,02,060 | 1,05,840 |
| ದಪ್ಪ 4ರಿಂದ 5 ಇಂಚಿಗೆ | 7,560 | ಸೇರಿದೆ |
| ಒಳಗಿನ ಮೇಲ್ಛಾವಣಿ ಪ್ಲಾಸ್ಟರಿಂಗ್ | 10,000 | ಸೇರಿದೆ |
| ಮಿಕ್ಸರ್, ವೈಬ್ರೇಟರ್ ಬಾಡಿಗೆ | 4,000 | ಸೇರಿದೆ |
| ಕರೆಂಟ್ ಪೈಪು, ಫ್ಯಾನ್ ಬಾಕ್ಸ್ | ಸೇರಿದೆ | 3,500 |
| ಒಂದೇ ಕೆಲಸಕ್ಕೆ ಒಟ್ಟು | 1,23,620 | 1,09,340 |
| ನೀರು, ಕ್ಯೂರಿಂಗ್ | ನಮ್ಮದು | ನಮ್ಮದು |
| ಮುಂಗಡ | ಅರ್ಧ ಹಣ | 30,000, ಸಾಮಾನು ಬಂದ ದಿನ |
| ದರ ಎಷ್ಟು ದಿನಕ್ಕೆ | 15 ದಿನ | ಒಂದು ತಿಂಗಳು |

ನೋಡಿ, 24,000 ಕಡಿಮೆ ಅಂದುಕೊಂಡಿದ್ದು 14,280 ಹೆಚ್ಚಾಯಿತು. ಮುಂಗಡ, ದಿನದ ಅವಧಿ ಇಂಥವನ್ನು ಒಟ್ಟು ಮೊತ್ತಕ್ಕೆ ಸೇರಿಸಲು ಆಗುವುದಿಲ್ಲ. ಆದ್ದರಿಂದ ಮೊತ್ತದ ಕೆಳಗೆ ಬರೆಯಿರಿ. ಅಲ್ಲಿ ನೋಡಿಯೇ ತೀರ್ಮಾನ ಬದಲಾಗಬಹುದು. ಅರ್ಧ ಹಣ ಮುಂಗಡ ಕೊಟ್ಟ ಮೇಲೆ ಕೆಲಸ ನಿಂತರೆ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಈ ಹಾಳೆ ಹೇಳದ ಸಂಗತಿ

ಇಬ್ಬರ ಕಾಂಕ್ರೀಟೂ ಒಂದೇ ಗುಣಮಟ್ಟದ್ದು ಎಂದು ಈ ಹಾಳೆ ಹೇಳುವುದಿಲ್ಲ. ಅದಕ್ಕೆ ಅವರು ಮೊದಲು ಹಾಕಿದ ಮೋಲ್ಡನ್ನು ಮಳೆಗಾಲದಲ್ಲಿ ಹೋಗಿ ನೋಡಬೇಕು, ಸೋರಿದ ಕಲೆ ಇದೆಯೇ ಎಂದು ಮನೆಯವರನ್ನು ಕೇಳಬೇಕು. ಕಂಬಿ ಕಟ್ಟಿದ ಮೇಲೆ, ಕಾಂಕ್ರೀಟ್ ಸುರಿಯುವ ಮುಂಚೆ, ನಕ್ಷೆಯ ಪ್ರಕಾರ ಇದೆಯೇ ಎಂದು ಇಂಜಿನಿಯರರು ಬಂದು ನೋಡಬೇಕು. ಸುರಿದ ಮೇಲೆ ಕಂಬಿ ಕಾಣುವುದಿಲ್ಲ.

ರೆಕಾರ್ಡಿಂಗ್ ಇದೆ ಅಂತ ಸುಮ್ಮನಿರಬೇಡಿ, ಅದು ಮಾತಿನ ನೆನಪು ಮಾತ್ರ. ಆರಿಸಿದ ಮೇಸ್ತ್ರಿಯ ಕಾಲಮನ್ನು ಬೇರೆ ಹಾಳೆಯಲ್ಲಿ ನೀಟಾಗಿ ಬರೆದು, ಓದಿ ಹೇಳಿ, ಅವರ ಸಹಿ ಮತ್ತು ಸಂಘದ ಇಬ್ಬರ ಸಹಿ ಹಾಕಿಸಿ. ಅದೇ ಕರಾರು.

ಮುಂದೆ ಏನಾಯಿತು?

ಆ ಸಂಘದವರು ಎರಡನೆಯವರಿಗೆ ಕೆಲಸ ಕೊಟ್ಟರು. ಕೈಯಲ್ಲಿದ್ದ 95,000 ಸಾಲುವುದಿಲ್ಲ ಎಂದು ಮೊದಲೇ ಗೊತ್ತಾದ್ದರಿಂದ ಒಕ್ಕೂಟದಿಂದ 20,000 ಸಾಲ ಪಡೆದು ಆಮೇಲೆ ಸೆಂಟ್ರಿಂಗ್ ಹಾಕಿಸಿದರು. 81,000ವನ್ನೇ ನಂಬಿದ್ದರೆ ಮೋಲ್ಡ್ ಬಿದ್ದ ಮೇಲೆ ಹಣಕ್ಕೆ ಓಡಾಡಬೇಕಿತ್ತು.

ಮೊದಲ ಮೇಸ್ತ್ರಿಗೆ ವಿಷಯ ತಿಳಿಸುವುದು ಅಧ್ಯಕ್ಷೆಗೆ ಕಷ್ಟವಾಯಿತು. ನಾವಿಬ್ಬರೂ ಅವರ ಮನೆಗೇ ಹೋಗಿ ಅವರ ಕಾಲಮನ್ನು ಮಾತ್ರ ತೋರಿಸಿದೆವು. "ನಾನೇನೂ ಮೋಸ ಮಾಡಿಲ್ಲ ಸಿಸ್ಟರ್, ನೀವು ಕೇಳಿದ್ದಕ್ಕೆ ಹೇಳ್ದೆ" ಅಂದರು. ಅದು ನಿಜವೇ. ಮುಂದೆ ಶೌಚಾಲಯದ ಕೆಲಸಕ್ಕೆ ಅವರನ್ನೂ ಕೇಳುತ್ತೇವೆ, ಆಗ ಪ್ರಶ್ನೆಪಟ್ಟಿ ಇಟ್ಟುಕೊಂಡೇ ಕೇಳುತ್ತೇವೆ ಎಂದು ಹೇಳಿ ಚಹಾ ಕುಡಿದು ಬಂದೆವು.

ಸಭೆಯಲ್ಲಿ ಮಾಡಿ ನೋಡಿ

1. ಇಬ್ಬರು ಸದಸ್ಯೆಯರು ಮೇಸ್ತ್ರಿಗಳಾಗಿ ಒಂದೇ ಕೆಲಸಕ್ಕೆ ಫೋನಿನಲ್ಲಿ ದರ ಹೇಳಲಿ. ಒಬ್ಬರು ಅಡಿ ಲೆಕ್ಕದಲ್ಲಿ, ಇನ್ನೊಬ್ಬರು ಚದರ ಲೆಕ್ಕದಲ್ಲಿ ಹೇಳಲಿ. ಉಳಿದವರು ಹಾಳೆ ತುಂಬಲಿ.
2. ತುಂಬಿದ ಹಾಳೆಯಲ್ಲಿ "ಹೇಳಿಲ್ಲ" ಎಂದು ಎಷ್ಟು ಕಡೆ ಬಂತು? ಅದರಲ್ಲಿ ನಾವು ಕೇಳದೇ ಬಿಟ್ಟದ್ದು ಎಷ್ಟು?
3. ನಿಮ್ಮ ಸಂಘ ಹಿಂದೆ ಮಾಡಿಸಿದ ಒಂದು ಕೆಲಸದಲ್ಲಿ ಮೊದಲು ಹೇಳಿದ ಮೊತ್ತ ಎಷ್ಟು, ಕೊನೆಗೆ ಕೊಟ್ಟದ್ದು ಎಷ್ಟು? ಹೆಚ್ಚಾದ ಹಣ ಯಾವ ಮಾತಿನಿಂದ ಬಂತು ಎಂದು ಹುಡುಕಿ.